ರಾತ್ರಿ ಎರಡಕ್ಕೆ ಬರುವ ನಿದ್ದೆಯನ್ನು ಹನ್ನೊಂದಕ್ಕೆ ತರುವುದು ಹೇಗೆ?

ನನ್ನ ತಮ್ಮನ ಮಗನಿಗೆ ಹೊಸ ಕೆಲಸ ಸಿಕ್ಕಿತು. ಸೇರಲು ಎರಡು ವಾರ ಬಾಕಿ. ಸೇರಿದ ಮೇಲೆ ಬೆಳಿಗ್ಗೆ 6.30ಕ್ಕೆ ಏಳಲೇಬೇಕು. ಆದರೆ ಅವನಿಗೆ ನಿದ್ದೆ ಹತ್ತುವುದು ರಾತ್ರಿ 2ಕ್ಕೆ, ತಾನಾಗಿ ಎಚ್ಚರವಾಗುವುದು 9.30ಕ್ಕೆ. “ದೊಡ್ಡಪ್ಪ, ನಾಳೆಯಿಂದ ಆರಕ್ಕೇ ಎದ್ದು ವಾಕಿಂಗ್ ಹೋಗ್ತೀನಿ” ಅಂದ. ನಾನು ಬೇಡ ಅಂದೆ. ಯಾಕೆ ಅಂತ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರಾತ್ರಿಯ ನಕ್ಷೆ ತಿಳಿದಿರಲಿ. ಕಣ್ಣು ಮುಚ್ಚಿ ಆರಾಮಾಗಿ ಮಲಗಿದಾಗ ಮಿದುಳಿನಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಎಂಬ ವಿದ್ಯುತ್ ಅಲೆ ಕಾಣುತ್ತದೆ. ಜೊಂಪು ಹತ್ತಿದರೆ ಅದು ಕರಗಿ ನಿಧಾನದ ಥೀಟಾ ಅಲೆ ಬರುತ್ತದೆ. ಎರಡನೇ ಹಂತದಲ್ಲಿ ನೂಲಿನ ಕದಿರಿನಂತೆ ನಡುವೆ ಉಬ್ಬಿ ತುದಿಯಲ್ಲಿ ಸಣ್ಣಗಾಗುವ ಅಲೆಗಳ ಗೊಂಚಲು ಆಗಾಗ ಮೂಡುತ್ತದೆ. ಆಮೇಲೆ ಗಾಢ ನಿದ್ದೆ. ಆಗ ಸೆಕೆಂಡಿಗೆ ಎರಡನ್ನೂ ಮೀರದ ದೊಡ್ಡ ದೊಡ್ಡ ಡೆಲ್ಟಾ ಅಲೆಗಳು. ಕೊನೆಗೆ ಕಣ್ಣುಗುಡ್ಡೆ ಚುರುಕಾಗಿ ಓಡಾಡುವ ಕನಸಿನ ನಿದ್ದೆ. ಇದರ ಅಲೆ ಹೆಚ್ಚುಕಡಿಮೆ ಎಚ್ಚರದ ಅಲೆಯ ಹಾಗೇ ಇರುತ್ತದೆ. ಈ ಒಂದು ಸುತ್ತಿಗೆ ಸುಮಾರು 90 ನಿಮಿಷ. ಗಾಢ ನಿದ್ದೆ ಮೊದಲ ಸುತ್ತುಗಳಲ್ಲೇ ಜಾಸ್ತಿ, ಕನಸಿನ ನಿದ್ದೆ ಬೆಳಗಿನ ಜಾವಕ್ಕೆ ಜಾಸ್ತಿ.

ಹಾರ್ಮೋನುಗಳೆಲ್ಲ ಒಂದೇ ಯಜಮಾನನ ಮಾತು ಕೇಳುವುದಿಲ್ಲ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ನಿದ್ದೆಯ ಬೆನ್ನು ಹಿಡಿಯುತ್ತದೆ. ಗಂಡಸರಲ್ಲಂತೂ ಅದರ ದೊಡ್ಡ ಪಾಲು ಮೊದಲ ಗಾಢ ನಿದ್ದೆಯಲ್ಲೇ ಹೊರಬರುತ್ತದೆ. ಎರಡಕ್ಕೆ ಮಲಗಿದರೆ ಅದೂ ಎರಡರ ನಂತರ ಬರುತ್ತದೆ, ಅಷ್ಟೇ. ಮೈಯನ್ನು ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಮತ್ತು ಎಚ್ಚರಕ್ಕೆ ಅಣಿಮಾಡುವ ಕಾರ್ಟಿಸಾಲ್ ಹಾಗಲ್ಲ. ಅವು ಮಿದುಳಿನ ಗಡಿಯಾರವನ್ನು ನೋಡಿಕೊಂಡು ನಡೆಯುತ್ತವೆ. ಎರಡೂ ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಸುಮಾರು 20,000 ನರಕೋಶಗಳ ಪುಟ್ಟ ಗುಂಪಿದೆ. ಅದೇ ಈ ಗಡಿಯಾರ.

ನಮ್ಮ ಹುಡುಗನ ಗಡಿಯಾರದಲ್ಲಿ ಮೆಲಟೋನಿನ್ ಏರತೊಡಗುವುದು ಸುಮಾರು ರಾತ್ರಿ 12ಕ್ಕೆ, ಅಂದರೆ ನಿದ್ದೆಗೆ ಎರಡು ತಾಸು ಮೊದಲು. ಕಾರ್ಟಿಸಾಲ್ ಗರಿಷ್ಠ ಮಟ್ಟ ಮುಟ್ಟುವುದು ಒಂಬತ್ತೂವರೆ ಆಸುಪಾಸಿಗೆ. 6.30ಕ್ಕೆ ಅಲಾರಂ ಹೊಡೆದರೆ ಒಂದು ಇಳಿದಿರುವುದಿಲ್ಲ, ಇನ್ನೊಂದು ಏರಿರುವುದಿಲ್ಲ. ಕನಸಿನ ನಿದ್ದೆಯೂ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ತಲೆ ಭಾರ ಅನ್ನಿಸುವುದು ಸೋಮಾರಿತನದಿಂದಲ್ಲ.

ಹೆಜ್ಜೆ 1: ನಿಮ್ಮ ತಿರುವಿನ ಗಂಟೆ ಹುಡುಕಿ. ಮೂರು ನಾಲ್ಕು ದಿನ ಅಲಾರಂ ಇಲ್ಲದೆ ಮಲಗಿ, ಏಳುವ ಹೊತ್ತನ್ನು ಬರೆದಿಡಿ. ಅದಕ್ಕೆ ಎರಡು ಮೂರು ತಾಸು ಮೊದಲು ಮೈಬಿಸಿ ದಿನದ ಅತಿ ಕಡಿಮೆ ಮಟ್ಟಕ್ಕೆ ಇಳಿದಿರುತ್ತದೆ. ಆ ಗಂಟೆಯ ನಂತರ ಕಣ್ಣಿಗೆ ಬಿದ್ದ ಬೆಳಕು ನಿದ್ದೆಯನ್ನು ಬೇಗ ತರುತ್ತದೆ. ಅದಕ್ಕೆ ಮೊದಲು ಬಿದ್ದರೆ ಇನ್ನೂ ತಡ ಮಾಡುತ್ತದೆ. ಹುಡುಗನಿಗೆ ಈ ತಿರುವು ಸುಮಾರು 7ಕ್ಕೆ. ಆರಕ್ಕೇ ಬೆಳಕಿಗೆ ಹೋಗಿದ್ದರೆ ಅವನ ನಿದ್ದೆ ಎರಡಕ್ಕಿಂತಲೂ ತಡಕ್ಕೆ ಜಾರಬಹುದಿತ್ತು. ಎಷ್ಟೋ ಜನ ಇಲ್ಲೇ ಸೋಲುತ್ತಾರೆ.

ಹೆಜ್ಜೆ 2: ಬೆಳಕು. ಮೊದಲ ದಿನ ಎಂದಿನಂತೆ 9.30ಕ್ಕೇ ಎದ್ದು, ಕೂಡಲೇ ಅರ್ಧ ತಾಸು ಹೊರಗಿರಿ. ಸೂರ್ಯನನ್ನು ನೋಡಬೇಕಿಲ್ಲ, ತಂಪು ಕನ್ನಡಕ ಬೇಡ. ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಮನೆಯೊಳಗಿನ ದೀಪ ಕೆಲವು ನೂರು ಆದರೆ, ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಬೆಳಕಿರುತ್ತದೆ.

ಹೆಜ್ಜೆ 3: ಎರಡು ದಿನಕ್ಕೆ ಅರ್ಧ ತಾಸು. ಏಳುವುದು, ಬೆಳಕು, ತಿಂಡಿ ಎಲ್ಲವನ್ನೂ ಒಟ್ಟಿಗೇ ಹಿಂದಕ್ಕೆ ತನ್ನಿ. 9.30ರಿಂದ 6.30ಕ್ಕೆ ಬರಲು 12 ದಿನ ಬೇಕು. ಭಾನುವಾರ ಅಂತ ಸುಮ್ನೆ ಎರಡು ತಾಸು ಜಾಸ್ತಿ ಮಲಗಬೇಡಿ. ಹಿಂದಿನ ನಾಲ್ಕು ದಿನದ ಕೆಲಸ ಹಾಳಾಗಬಹುದು.

ಹೆಜ್ಜೆ 4: ರಾತ್ರಿ ಮಬ್ಬು. ಮಲಗುವ ಎರಡು ತಾಸು ಮೊದಲೇ ಟ್ಯೂಬ್‌ಲೈಟ್ ಆರಿಸಿ, ಹಳದಿ ದೀಪ ಸಾಕು. ಬಿಳಿ ಬೆಳಕಿನಲ್ಲಿರುವ ನೀಲಿ ಅಂಶವೇ ಮೆಲಟೋನಿನ್ನನ್ನು ಹೆಚ್ಚು ತಡೆಯುವುದು. ಸಂಜೆಯ ಕಾಫಿ ಬಿಡಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ತಾಸಿನ ನಂತರವೂ ಮೈಯಲ್ಲಿರುತ್ತದೆ. ನಿದ್ದೆ ಬರುವ ಮೊದಲೇ ಹಾಸಿಗೆ ಸೇರಿ ಹೊರಳಾಡಬೇಡಿ. ಬೇಗ ಏಳುವುದು ಮೊದಲು, ಬೇಗ ಮಲಗುವುದು ಅದರ ಹಿಂದೆ ತಾನಾಗಿ ಬರುತ್ತದೆ.

ಗೊರಕೆಯ ನಡುವೆ ಉಸಿರು ನಿಂತಂತಾಗುವವರಿಗೆ ಇದರಿಂದ ಉಪಯೋಗವಿಲ್ಲ, ಅವರು ವೈದ್ಯರನ್ನೇ ಕಾಣಬೇಕು. ಬೈಪೋಲಾರ್ ಕಾಯಿಲೆ ಅಥವಾ ಕಣ್ಣಿನ ತೊಂದರೆ ಇದ್ದವರೂ ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಗಡಿಯಾರ ನಿಜವಾಗಿ ಸರಿದಿದೆಯೇ ಅಂತ ತಿಳಿಯಲು ಹದಿಮೂರನೇ ರಾತ್ರಿ ಅಲಾರಂ ಇಡದೆ ಮಲಗಿ. ಏಳಕ್ಕೆ ಮೊದಲೇ ಎಚ್ಚರವಾದರೆ ಸರಿದಿದೆ. ಎಂಟಾದರೆ, ಎಂಟರಿಂದಲೇ ಮತ್ತೆ ಅರ್ಧ ಅರ್ಧ ತಾಸು ಹಿಂದಕ್ಕೆ ತನ್ನಿ.