ಇಬ್ಬರಿಗೂ 571 ಬಂದಾಗ ನಾನು ರ‍್ಯಾಂಕ್ ಪಟ್ಟಿ ಮಾಡಿದ್ದು

ಚಿತ್ತಾಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತದ ಮಾಸ್ತರ್. ಕಂಪ್ಯೂಟರಿನ ಕೆಲಸ ಏನೇ ಇದ್ದರೂ ಅದೂ ನನ್ನ ಪಾಲಿಗೇ ಬರುತ್ತದೆ. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ 86 ಮಕ್ಕಳ ಅಂಕಗಳನ್ನು ಎಕ್ಸೆಲ್‌ನಲ್ಲಿ ಹಾಕಿ ರ‍್ಯಾಂಕ್ ಪಟ್ಟಿ ತೆಗೆಯಬೇಕಿತ್ತು. ಕನ್ನಡ ಮಾಧ್ಯಮದ ಎ ಮತ್ತು ಬಿ ವಿಭಾಗ, ಉರ್ದು ಮಾಧ್ಯಮದ್ದು ಒಂದು ವಿಭಾಗ. ಪಟ್ಟಿ ಎರಡು ಕೆಲಸಕ್ಕೆ ಬೇಕಿತ್ತು: ನೋಟಿಸ್ ಬೋರ್ಡಿಗೆ ಹಚ್ಚಲು, ಮತ್ತು ಬೀಳ್ಕೊಡುಗೆ ದಿನ ಮೊದಲ ಮೂರು ಸ್ಥಾನಕ್ಕೆ ಬಹುಮಾನ ಕೊಡಲು.

ಮೊದಲಿನಿಂದಲೂ ನಮ್ಮಲ್ಲಿ ನಡೆದು ಬಂದ ಪದ್ಧತಿ ಬಹಳ ಸುಲಭದ್ದು. ಒಟ್ಟು ಅಂಕದ ಕಾಲಂ ಹಿಡಿದು ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡುವುದು, ಪಕ್ಕದಲ್ಲಿ 1, 2, 3 ಎಂದು ಬರೆದು ಕೆಳಗೆ ಎಳೆಯುವುದು. ಎಲ್ಲರ ಅಂಕ ಬೇರೆ ಬೇರೆ ಇದ್ದರೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇಬ್ಬರಿಗೆ ಒಂದೇ ಅಂಕ ಬಂದರೆ ಒಬ್ಬರಿಗೆ 2, ಇನ್ನೊಬ್ಬರಿಗೆ 3 ಬೀಳುತ್ತದೆ. ಯಾರಿಗೆ 2 ಎಂದು ತೀರ್ಮಾನ ಮಾಡಿದವರು ಯಾರು? ಯಾರೂ ಅಲ್ಲ. ಸಮ ಅಂಕದವರನ್ನು ಎಕ್ಸೆಲ್ ಮೊದಲು ಹೇಗಿದ್ದರೋ ಅದೇ ಕ್ರಮದಲ್ಲಿ ಬಿಡುತ್ತದೆ. ನಮ್ಮ ಪಟ್ಟಿ ರೋಲ್ ನಂಬರಿನ ಪ್ರಕಾರ ಇತ್ತು. ಅಂದರೆ ಯಾರ ರೋಲ್ ನಂಬರ್ ಮುಂದಿದೆಯೋ ಅವರು ಗೆದ್ದ ಹಾಗೆ. ಇದು ನನಗೆ ಸರಿ ಕಾಣಲಿಲ್ಲ.

ನನ್ನ ಶೀಟಿನಲ್ಲಿ A ರೋಲ್ ನಂಬರ್, B ಹೆಸರು, C ವಿಭಾಗ. D ಯಿಂದ I ವರೆಗೆ ಆರು ವಿಷಯ: ಪ್ರಥಮ ಭಾಷೆ 125ಕ್ಕೆ, ಉಳಿದ ಐದು ತಲಾ 100ಕ್ಕೆ. J ಯಲ್ಲಿ 625ಕ್ಕೆ ಒಟ್ಟು, K ಯಲ್ಲಿ ರ‍್ಯಾಂಕ್. ಮೊದಲ ಸಾಲು ತಲೆಬರಹ, ಮಕ್ಕಳು 2 ರಿಂದ 87ನೇ ಸಾಲಿನವರೆಗೆ.

ರ‍್ಯಾಂಕಿಗಿಂತ ಮೊದಲು ಒಟ್ಟು ಅಂಕದ ಕಾಲಂ ಸರಿ ಮಾಡಿಕೊಂಡೆ. ಬರೀ SUM ಹಾಕಿದರೆ ಒಂದು ವಿಷಯಕ್ಕೆ ಗೈರಾದ ಮಗುವಿನ ಉಳಿದ ಐದು ವಿಷಯ ಕೂಡಿ ಒಂದು ಒಟ್ಟು ಬಂದುಬಿಡುತ್ತದೆ. ನಮ್ಮ ಶಾಲೆಯ ನಿಯಮದಲ್ಲಿ ಗೈರಾದವರಿಗೆ ರ‍್ಯಾಂಕ್ ಇಲ್ಲ. ಹಾಗಾಗಿ J2 ದಲ್ಲಿ ಹೀಗೆ ಬರೆದೆ:

```
=IF(COUNT(D2:I2)<6,"ಗೈರು",SUM(D2:I2))
```

COUNT ಎಣಿಸುವುದು ಸಂಖ್ಯೆಗಳನ್ನು ಮಾತ್ರ. ಇದರಿಂದ ಇನ್ನೊಂದು ಲಾಭವೂ ಆಯಿತು. ಆರೂ ಪರೀಕ್ಷೆ ಬರೆದ ಒಬ್ಬ ಹುಡುಗನ ಮುಂದೆ "ಗೈರು" ಎಂದು ಬಂತು. ನೋಡಿದರೆ ವಿಜ್ಞಾನದ ಅಂಕ ಸೆಲ್‌ನಲ್ಲಿ ಎಡಕ್ಕೆ ಅಂಟಿಕೊಂಡು ಕೂತಿತ್ತು. ಉಳಿದವೆಲ್ಲ ಬಲಕ್ಕಿದ್ದವು. ವಾಟ್ಸಾಪಿನಿಂದ ಕಾಪಿ ಮಾಡಿ ಹಾಕಿದ್ದ ಅಂಕ ಅದು, ಕಣ್ಣಿಗೆ 74 ಕಂಡರೂ ಎಕ್ಸೆಲ್ ಪಾಲಿಗೆ ಅದು ಬರೀ ಅಕ್ಷರ. ಅಳಿಸಿ ಮತ್ತೆ 74 ಎಂದು ಟೈಪ್ ಮಾಡಿದ ಕೂಡಲೇ ಒಟ್ಟು ಬಂತು. ಬರೀ SUM ಇದ್ದಿದ್ದರೆ ಆ 74 ಸದ್ದಿಲ್ಲದೆ ಬಿಟ್ಟುಹೋಗಿ ಹುಡುಗ ಪಟ್ಟಿಯಲ್ಲಿ ಎಷ್ಟೋ ಕೆಳಗೆ ಇಳಿಯುತ್ತಿದ್ದ, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈಗ ರ‍್ಯಾಂಕ್. K2 ದಲ್ಲಿ ಇದನ್ನು ಹಾಕಿ 87ರ ವರೆಗೆ ಎಳೆದೆ:

```
=IF(ISNUMBER(J2),RANK.EQ(J2,$J$2:$J$87,0),"")
```

ಕೊನೆಯ 0 ಅಂದರೆ ದೊಡ್ಡ ಅಂಕಕ್ಕೆ ಮೊದಲ ಸ್ಥಾನ. ಡಾಲರ್ ಚಿಹ್ನೆ ಮರೆಯಬಾರದು. ಅದಿಲ್ಲದೆ ಎಳೆದರೆ ಮೂರನೇ ಸಾಲಿನಲ್ಲಿ ವ್ಯಾಪ್ತಿ J3 ರಿಂದ, ನಾಲ್ಕನೇ ಸಾಲಿನಲ್ಲಿ J4 ರಿಂದ ಶುರುವಾಗುತ್ತದೆ. ಪಟ್ಟಿ ಮೊದಲೇ ಸಾರ್ಟ್ ಆಗಿದ್ದರಂತೂ ತಮಾಷೆ, ಗೈರಾದವರನ್ನು ಬಿಟ್ಟು ಎಲ್ಲರಿಗೂ ಒಂದನೇ ರ‍್ಯಾಂಕ್! ಯಾಕೆಂದರೆ ಪ್ರತಿ ಸಾಲೂ ತನ್ನ ಮೇಲಿನವರನ್ನು ನೋಡುವುದೇ ಇಲ್ಲ. ಸಾರ್ಟ್ ಆಗಿರದಿದ್ದರೆ ತಪ್ಪು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅದಕ್ಕೆ ಕೊನೆಯ ಸಾಲಿನ ಸೂತ್ರವನ್ನು ಒಮ್ಮೆ ಕ್ಲಿಕ್ ಮಾಡಿ, ಅಲ್ಲೂ $J$2:$J$87 ಇದೆಯಾ ನೋಡಿಬಿಡುತ್ತೇನೆ.

ರ‍್ಯಾಂಕ್ ಬಂದ ಮೇಲೆ ಸಾರ್ಟ್. ಒಟ್ಟು ಅಂಕದ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿದರೆ "ಗೈರು" ಎಲ್ಲರಿಗಿಂತ ಮೇಲೆ ಬಂದು ಕೂರುತ್ತದೆ, ಆ ಕ್ರಮದಲ್ಲಿ ಎಕ್ಸೆಲ್‌ಗೆ ಅಕ್ಷರ ಸಂಖ್ಯೆಗಿಂತ ಮೇಲು. ಆದ್ದರಿಂದ K ಕಾಲಂ ಹಿಡಿದು ಚಿಕ್ಕದರಿಂದ ದೊಡ್ಡದಕ್ಕೆ ಸಾರ್ಟ್ ಮಾಡಿದೆ. ಗೈರಾದವರು ತಾವಾಗಿಯೇ ಕೆಳಗೆ ಹೋದರು. ಒಂದೇ ಕಾಲಂ ಆಯ್ಕೆ ಮಾಡಿ ಸಾರ್ಟ್ ಒತ್ತಿದರೆ ಎಕ್ಸೆಲ್ ಒಂದು ಪ್ರಶ್ನೆ ಕೇಳುತ್ತದೆ. ಅಲ್ಲಿ `Expand the selection` ಅನ್ನೇ ಒತ್ತಬೇಕು. ಇಲ್ಲದಿದ್ದರೆ ಆ ಕಾಲಂ ಒಂದೇ ಕದಲಿ ಒಬ್ಬರ ಅಂಕ ಇನ್ನೊಬ್ಬರ ಹೆಸರಿನ ಮುಂದೆ ಬರುತ್ತದೆ.

ಮೇಲಿನ ಏಳು ಸಾಲಿನ ಒಟ್ಟು ಅಂಕ ಹೀಗಿತ್ತು: 588, 571, 571, 564, 552, 552, 549. ರ‍್ಯಾಂಕ್ ಬಂದದ್ದು 1, 2, 2, 4, 5, 5, 7. ಇದನ್ನೇ ಬೋರ್ಡಿಗೆ ಹಚ್ಚಿದೆ. ಮರುದಿನವೇ 564 ತೆಗೆದ ಹುಡುಗಿಯ ತಂದೆ ಬಂದರು.

"ಸರ, ನಮ್ ಹುಡುಗಿಗಿ ನಾಲ್ಕನೇದು ಹ್ಯಾಂಗ್ರೀ? ಮೂರನೇದು ಯಾರಿಗಿ ಬಂದದ ಹೇಳ್ರಿ."

"ಮೂರನೇದು ಯಾರಿಗೂ ಬಂದಿಲ್ರಿ."

ಅವರು ನನ್ನ ಮುಖ ನೋಡಿದರು. ಸೂತ್ರ ಹೇಳಿದರೆ ಪ್ರಯೋಜನವಿಲ್ಲ ಅಲ್ವಾ? "ನಿಮ್ಮ ಹುಡುಗಿಗಿಂತ ಜಾಸ್ತಿ ಮಾರ್ಕ್ಸ್ ತಗೊಂಡವರು ಎಷ್ಟು ಮಂದಿ ಎಣಸ್ರಿ" ಅಂದೆ. ಮೂವರು. ಮೂವರ ನಂತರ ಬಂದವಳು ನಾಲ್ಕನೆಯವಳು. RANK.EQ ಮಾಡುವ ಲೆಕ್ಕ ಇಷ್ಟೇ: ನನಗಿಂತ ಹೆಚ್ಚು ಅಂಕದವರು ಎಷ್ಟು ಜನ, ಅದಕ್ಕೆ ಒಂದು ಕೂಡಿಸು. ಇಬ್ಬರು 571ರವರಿಗೂ ಮೇಲೆ ಇರುವವಳು ಒಬ್ಬಳೇ, ಹಾಗಾಗಿ ಇಬ್ಬರಿಗೂ 2.

ಅವರು ಒಪ್ಪಿದರು. ಆದರೆ ಬಹುಮಾನದ ವಿಷಯದಲ್ಲಿ ಅವರ ಮಾತಿನಲ್ಲೂ ಹುರುಳಿತ್ತು. "ಮೊದಲ ಮೂರು ಸ್ಥಾನಕ್ಕೆ ಬಹುಮಾನ" ಎಂದು ಸಾರಿ ಮೂರನೇ ಬಹುಮಾನವನ್ನೇ ಕೊಡದಿದ್ದರೆ ಹೇಗೆ? ಅಂಕಗಳನ್ನೇ ಮೆಟ್ಟಿಲೆಂದು ಎಣಿಸಿದರೆ 588 ಮೊದಲನೆಯದು, 571 ಎರಡನೆಯದು, 564 ಮೂರನೆಯದು. ಆಗ ಪಟ್ಟಿ 1, 2, 2, 3, 4, 4, 5 ಆಗುತ್ತದೆ. ಇದಕ್ಕೆ ನಮ್ಮ ಎಕ್ಸೆಲ್‌ನಲ್ಲಿ ತಯಾರಾದ ಫಂಕ್ಷನ್ ಇಲ್ಲ, ಕಟ್ಟಿಕೊಳ್ಳಬೇಕು. L ಕಾಲಂನಲ್ಲಿ ಹೀಗೆ ಮಾಡಿದೆ:

```
=IF(ISNUMBER(J2),SUMPRODUCT(ISNUMBER($J$2:$J$87)*($J$2:$J$87>J2)/COUNTIF($J$2:$J$87,$J$2:$J$87))+1,"")
```

ನೋಡಲು ಉದ್ದ, ಒಳಗಿನ ಯುಕ್ತಿ ಸಣ್ಣದು. ನನಗಿಂತ ಮೇಲಿರುವ ಪ್ರತಿಯೊಬ್ಬರನ್ನೂ ಎಣಿಸುತ್ತದೆ, ಆದರೆ ಒಂದೇ ಅಂಕದವರು ಇಬ್ಬರಿದ್ದರೆ ತಲಾ ಅರ್ಧ, ಮೂವರಿದ್ದರೆ ತಲಾ ಮೂರನೇ ಒಂದು ಭಾಗ. 564ರವಳ ಮೇಲೆ 588ರದ್ದು ಒಂದು, 571ರ ಇಬ್ಬರದ್ದು ಅರ್ಧ ಅರ್ಧ ಸೇರಿ ಒಂದು. ಒಟ್ಟು ಎರಡು, ಅದಕ್ಕೆ ಒಂದು ಕೂಡಿಸಿದರೆ ಮೂರು. ನಡುವೆ ಇರುವ ISNUMBER($J$2:$J$87) ಬಿಟ್ಟರೆ ಪಟ್ಟಿಯಲ್ಲಿ ಒಂದನೇ ರ‍್ಯಾಂಕೇ ಇರುವುದಿಲ್ಲ, 588ರವಳಿಗೆ 2 ಬರುತ್ತದೆ. ಮತ್ತದೇ "ಗೈರು". ಹೋಲಿಸುವಾಗಲೂ ಅಕ್ಷರ ಸಂಖ್ಯೆಗಿಂತ ದೊಡ್ಡದು ಎಂದು ಲೆಕ್ಕವಾಗಿ, ಗೈರಾದವರೆಲ್ಲ ಸೇರಿ ಎಲ್ಲರ ಮೇಲೆ ಒಂದು ಮೆಟ್ಟಿಲಾಗುತ್ತಾರೆ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬೋರ್ಡಿಗೆ ಮತ್ತು ಅಂಕಪಟ್ಟಿಗೆ ಮೊದಲ ರೀತಿಯೇ ಸರಿ, ಮುಂದೆ ಎಷ್ಟು ಜನ ಇದ್ದಾರೆ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಬಹುಮಾನಕ್ಕೆ ಎರಡನೇ ರೀತಿ ಒಳ್ಳೆಯದು. ಆದರೆ ಎರಡನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆಯಬಾರದು. "ಇಲ್ಲಿ ನಾಲ್ಕು, ಅಲ್ಲಿ ಮೂರು" ಎಂದು ದಿನವಿಡೀ ಉತ್ತರ ಕೊಡಬೇಕಾಗುತ್ತದೆ.

ಸ್ಟಾಫ್ ಮೀಟಿಂಗಿನಲ್ಲಿ ಇನ್ನೊಂದು ಮಾತು ಬಂತು. ಸ್ಮರಣಿಕೆ ಮೂರೇ ತರಿಸಲಾಗಿದೆ, 571ರ ಇಬ್ಬರಲ್ಲಿ ಒಬ್ಬರನ್ನು ಆರಿಸಿ, ಗಣಿತದಲ್ಲಿ ಜಾಸ್ತಿ ಯಾರಿಗೆ ಬಂದಿದೆಯೋ ಅವರಿಗೆ ಕೊಡಿ ಎಂದು. ಅದೂ ಕಷ್ಟವಲ್ಲ:

```
=IF(ISNUMBER(J2),COUNTIFS($J$2:$J$87,">"&J2)+COUNTIFS($J$2:$J$87,J2,$G$2:$G$87,">"&G2)+1,"")
```

ನನಗಿಂತ ಹೆಚ್ಚು ಒಟ್ಟು ಇರುವವರು, ಜೊತೆಗೆ ನನ್ನಷ್ಟೇ ಒಟ್ಟು ಇದ್ದು ಗಣಿತದಲ್ಲಿ ನನಗಿಂತ ಹೆಚ್ಚು ಇರುವವರು, ಕೊನೆಗೆ ಒಂದು. ಹಾಕಿ ತೋರಿಸಿದೆ. ರೋಲ್ ನಂಬರ್ 23ರ ಅಂಕ 119, 88, 90, 96, 91, 87. 61ರದ್ದು 121, 93, 92, 84, 87, 94. ಗಣಿತ ನೋಡಿದರೆ 96 ಎದುರು 84, 23 ಗೆಲ್ಲುತ್ತಾನೆ. ಆದರೆ ಮೂರು ಭಾಷೆಯಲ್ಲೂ ಸಮಾಜ ವಿಜ್ಞಾನದಲ್ಲೂ 61ರವಳೇ ಮುಂದೆ. ಸಮಾಜದ ಮೇಡಂ ಸುಮ್ನೆ ಕೂರುತ್ತಾರಾ? ಗಣಿತದ ಮಾಸ್ತರ್ ಆಗಿದ್ದರೂ ನಾನು ಅವರ ಪರವೇ ಮಾತಾಡಿದೆ. ಇಂಥ ನಿಯಮವನ್ನು ಪರೀಕ್ಷೆಗೆ ಮೊದಲೇ ಹೇಳಿದ್ದರೆ ಸರಿ. ಅಂಕ ಕಣ್ಣ ಮುಂದೆ ಇಟ್ಟುಕೊಂಡು ನಿಯಮ ಮಾಡಿದರೆ ಅದು ಹುಡುಗನನ್ನೇ ಆರಿಸಿದ ಹಾಗೆ. ಕೊನೆಗೆ ಶಹಾಬಾದಿನಿಂದ ಇನ್ನೊಂದು ಸ್ಮರಣಿಕೆ ತರಿಸಿದೆವು.

ಫಿಲ್ಟರ್ ವಿಷಯ ಇನ್ನೂ ಉಳಿದಿದೆ. ಬಿ ವಿಭಾಗದ ಕ್ಲಾಸ್ ಟೀಚರ್ ತಮ್ಮ ಮಕ್ಕಳನ್ನಷ್ಟೇ ಫಿಲ್ಟರ್ ಮಾಡಿ, "ಸರ್, ನನ್ನ ಕ್ಲಾಸಿನಲ್ಲಿ ಮೊದಲನೆಯವನಿಗೇ 5 ಅಂತ ತೋರಿಸುತ್ತಿದೆ" ಎಂದರು. ಫಿಲ್ಟರ್ ಸಾಲುಗಳನ್ನು ಬಚ್ಚಿಡುತ್ತದೆ, ತೆಗೆದುಹಾಕುವುದಿಲ್ಲ. RANK.EQ ಬಚ್ಚಿಟ್ಟ ಸಾಲನ್ನೂ ಎಣಿಸುತ್ತದೆ. ಅವರಿಗೆ ಬೇಕಾದದ್ದು ವಿಭಾಗದ ಒಳಗಿನ ರ‍್ಯಾಂಕ್, ಅದಕ್ಕೆ ಎಣಿಕೆಯಲ್ಲೇ ವಿಭಾಗದ ಷರತ್ತು ಸೇರಿಸಬೇಕು:

```
=IF(ISNUMBER(J2),COUNTIFS($C$2:$C$87,C2,$J$2:$J$87,">"&J2)+1,"")
```

ಈ ಕಾಲಂ ಇದ್ದರೆ ಫಿಲ್ಟರ್ ಹಾಕಿದರೂ ತೆಗೆದರೂ ಅಂಕಿ ಬದಲಾಗುವುದಿಲ್ಲ.

ಹೆಡ್ ಮಾಸ್ಟರ್ ಕೇಳಿದ್ದ "ಟಾಪ್ ಹತ್ತು" ಕೂಡ ಫಿಲ್ಟರಿನಿಂದಲೇ ತೆಗೆದೆ. K ಯಲ್ಲಿ 10 ಅಥವಾ ಅದಕ್ಕಿಂತ ಕಡಿಮೆ ಎಂದು ಕೊಟ್ಟರೆ ಹನ್ನೆರಡು ಹೆಸರು ಬಂದವು, ಹತ್ತನೇ ಸ್ಥಾನದಲ್ಲೇ ಮೂವರು ಸಮ ಇದ್ದರು. ಅದೇ ಷರತ್ತನ್ನು L ಕಾಲಂಗೆ ಕೊಟ್ಟರೆ ಪಟ್ಟಿ ಇನ್ನೂ ಉದ್ದವಾಗುತ್ತದೆ, ಮೇಲೆ ಸಮ ಬಂದ ಪ್ರತಿ ಜೋಡಿಯೂ ಕೆಳಗೆ ಇನ್ನೊಂದು ಹೆಸರಿಗೆ ಜಾಗ ಮಾಡುತ್ತದೆ. ಹತ್ತೇ ಹೆಸರು ಬೇಕು ಎಂದು ಅವರು ಪಟ್ಟು ಹಿಡಿಯಲಿಲ್ಲ. ಹನ್ನೆರಡೂ ಹೆಸರು ಬೋರ್ಡಿಗೆ ಹೋದವು. ಕೆಳಗೆ ಒಂದು ಸಾಲು ಟೈಪ್ ಮಾಡಿದೆ: "ಸಮ ಅಂಕ ಪಡೆದವರಿಗೆ ಒಂದೇ ರ‍್ಯಾಂಕ್. ಅವರ ನಂತರದ ರ‍್ಯಾಂಕನ್ನು ಅಷ್ಟು ಜನರನ್ನು ಎಣಿಸಿ ಕೊಡಲಾಗಿದೆ."