ಫೋಟೋ ಬದಲಿಸಿ ಕೈ ಸುಟ್ಟುಕೊಂಡ ಮೇಲೆ ನಾನು ಲೆಕ್ಕ ಹಿಡಿದ ರೀತಿ

ಮಡಚುವ ಲ್ಯಾಪ್‌ಟಾಪ್ ಸ್ಟ್ಯಾಂಡ್ ಒಂದನ್ನು ಆನ್‌ಲೈನ್‌ನಲ್ಲಿ ಮಾರಲು ಲಿಸ್ಟ್ ಮಾಡಿದ್ದೆ. ಮೊದಲ ತಿಂಗಳು ಹೆಚ್ಚುಕಮ್ಮಿ 40,000 ಇಂಪ್ರೆಷನ್, ಅಂದರೆ ಹುಡುಕಾಟದಲ್ಲಿ ಅಷ್ಟು ಸಲ ಕಂಡಿತ್ತು. ಬಂದದ್ದು 120 ಕ್ಲಿಕ್, ಆರ್ಡರ್ ಎರಡು. ಜೊತೆಗೆ ವ್ಯಾಪಾರ ಮಾಡುವವರೆಲ್ಲ ಒಂದೇ ಮಾತು: "ಫೋಟೋ ಸರಿಯಿಲ್ಲ, ಅದಕ್ಕೇ ಯಾರೂ ಒತ್ತುತ್ತಿಲ್ಲ." ನೂರಕ್ಕೆ 0.3 ಕ್ಲಿಕ್ ನೋಡಿ ನಾನೂ ನಂಬಿದೆ. ದುಡ್ಡು ಕೊಟ್ಟು ಹೊಸ ಫೋಟೋ ತೆಗೆಸಿದೆ.

ಮುಂದಿನ ತಿಂಗಳು ಕ್ಲಿಕ್ 190ಕ್ಕೆ ಏರಿತು. ಖುಷಿಯಾಯಿತು. ಆರ್ಡರ್ ಎಷ್ಟು? ಮೂರು! ಕ್ಲಿಕ್ಕಿಗೆ ಇಷ್ಟು ಅಂತ ಜಾಹೀರಾತಿಗೆ ಕೊಡುವವರಿಗೆ ಇದರ ನೋವು ಗೊತ್ತು. ಮೂರು ಆರ್ಡರ್‌ನ ಲಾಭದಲ್ಲಿ ಆ ತಿಂಗಳ ಕ್ಲಿಕ್ ಖರ್ಚಿನ ಕಾಲು ಭಾಗವೂ ಹುಟ್ಟಲಿಲ್ಲ. ಫೋಟೋದ ಖರ್ಚು ಬೇರೆ.

ಆಮೇಲೆ ಕೂತು ಹುಡುಕು ಪದಗಳ ವರದಿ ತೆಗೆದೆ. ಒಟ್ಟು ಲೆಕ್ಕ ಬಿಟ್ಟು ಪದಕ್ಕೊಂದು ಸಾಲು ಮಾಡಿದೆ. 'ಲ್ಯಾಪ್‌ಟಾಪ್ ಸ್ಟ್ಯಾಂಡ್' ಅಂತ ಹುಡುಕಿದವರಿಗೆ ಸುಮಾರು 11,000 ಸಲ ಕಂಡಿತ್ತು, 165 ಕ್ಲಿಕ್ ಬಂದಿತ್ತು. ಅಂದರೆ ನೂರಕ್ಕೆ ಒಂದೂವರೆ. ಉಳಿದ 30,000 ಸಲ ಕಂಡದ್ದು ಬಹುತೇಕ 'ಲ್ಯಾಪ್‌ಟಾಪ್ ಟೇಬಲ್' ಹುಡುಕಿದವರಿಗೆ. ಅಲ್ಲಿ ಬಂದ ಕ್ಲಿಕ್ 25. ಹಾಸಿಗೆ ಮೇಲೆ ಇಟ್ಟುಕೊಳ್ಳುವ ಟೇಬಲ್ ಬೇಕಾದವರು ಸ್ಟ್ಯಾಂಡ್ ಯಾಕೆ ಒತ್ತುತ್ತಾರೆ? ಆ ಪದ ಹುಡುಕಿದವರಿಗೆ ನನ್ನ ಜಾಹೀರಾತು ಕಾಣದ ಹಾಗೆ ಅದನ್ನು ನೆಗೆಟಿವ್‌ಗೆ ಹಾಕಿದೆ. ಫೋಟೋ ಮುಟ್ಟದೆ ಒಟ್ಟು ಕ್ಲಿಕ್ ಪ್ರಮಾಣ ಮೂರು ಪಟ್ಟಾಯಿತು. ಹೊಸ ಫೋಟೋ ಪೂರ್ತಿ ದಂಡ ಅಂತ ಹೇಳಲ್ಲ, ಸರಿಯಾದ ಪದದಲ್ಲಿ ಒಂದರಿಂದ ಒಂದೂವರೆಗೆ ತಂದಿದ್ದು ಅದೇ. ಆದರೆ ನನ್ನ ರೋಗ ಅಲ್ಲಿರಲಿಲ್ಲ.

ಒಂದು ಎಚ್ಚರಿಕೆ. ಕೆಲವು ಕಡೆ 'ವ್ಯೂಸ್' ಅಂದರೆ ಹುಡುಕಾಟದಲ್ಲಿ ಕಂಡದ್ದು, ಕೆಲವು ಕಡೆ ಪುಟ ತೆರೆದದ್ದು. ಎರಡನೆಯದಾದರೆ ಅದು ಕ್ಲಿಕ್ ಆಗಿಯೇ ಬಂದ ಜನ. ಅಲ್ಲಿ ಆರ್ಡರ್ ಇಲ್ಲ ಅಂತ ಮುಖ್ಯ ಫೋಟೋ ಬದಲಿಸಿದರೆ ಏನು ಉಪಯೋಗ?

ಈಗ ಉಳಿದದ್ದು 165 ಕ್ಲಿಕ್ಕಿಗೆ ಮೂರು ಆರ್ಡರ್. ನನ್ನ ಬೇರೆ ವಸ್ತುಗಳಲ್ಲಿ ನೂರಕ್ಕೆ ಐದಾರು ಬರುತ್ತವೆ. ಇಲ್ಲಿ ಆತುರ ಬೇಡ. ನೂರಕ್ಕೆ ಮೂರು ಆರ್ಡರ್ ಕೊಡುವ ಒಳ್ಳೆ ಪುಟದಲ್ಲೂ 60 ಕ್ಲಿಕ್ಕಿಗೆ ಸೊನ್ನೆ ಬರುವುದು ಆರು ಸಲಕ್ಕೆ ಒಂದು ಸಲ ಇದ್ದದ್ದೇ. ಮೊದಲು ನಾನು 40 ಕ್ಲಿಕ್ಕಿಗೇ ಗಾಬರಿಬಿದ್ದು ವಿವರಣೆ ತಿದ್ದುತ್ತಿದ್ದೆ. ಹಾಗೆ ತಿದ್ದಿದ್ದರಿಂದ ಯಾವ ಬದಲಾವಣೆ ಕೆಲಸ ಮಾಡಿತು ಅಂತ ಎಂದೂ ತಿಳಿಯಲಿಲ್ಲ.

ಈ ಸಲ ಕಾರ್ಟ್ ಲೆಕ್ಕ ನೋಡಿದೆ. 165 ಜನರಲ್ಲಿ ಇಪ್ಪತ್ತು ಚಿಲ್ಲರೆ ಜನ ಕಾರ್ಟ್‌ಗೆ ಹಾಕಿದ್ದರು! ಪುಟ ಇಷ್ಟವಾಗದಿದ್ದರೆ ಕಾರ್ಟ್‌ವರೆಗೆ ಬರುತ್ತಿರಲಿಲ್ಲ, ಅಲ್ವಾ? ಅಳತೆ ಗೊಂದಲ, ಕೆಟ್ಟ ರಿವ್ಯೂ ಇದ್ದರೆ ಜನ ಪುಟದಲ್ಲೇ ವಾಪಸ್ ಹೋಗುತ್ತಾರೆ. ಇವರು ಬಿಟ್ಟುಹೋದದ್ದು ಅದಾದ ಮೇಲೆ. ನಾನೇ ಗ್ರಾಹಕನ ಹಾಗೆ ಕೊಳ್ಳಲು ಹೋಗಿ ನೋಡಿದೆ. ಕೊನೆಯ ಪರದೆಯಲ್ಲಿ ಡೆಲಿವರಿ ಖರ್ಚು ಸೇರಿಕೊಂಡು ಮೊತ್ತ ಐದರಲ್ಲಿ ಒಂದು ಪಾಲು ಏರುತ್ತಿತ್ತು. ಬೆಲೆ ಕಮ್ಮಿ ಕಾಣಲಿ ಅಂತ ಹಾಗೆ ಇಟ್ಟಿದ್ದು ನಾನೇ.

ಡೆಲಿವರಿ ಖರ್ಚಿನ ಒಂದು ಪಾಲನ್ನು ಬೆಲೆಯಲ್ಲಿ ಸೇರಿಸಿ, ಉಚಿತ ಡೆಲಿವರಿ ಅಂತ ಹಾಕಿದೆ. "ಬೆಲೆ ಏರಿಸಿದರೆ ಕ್ಲಿಕ್ಕೇ ಬರಲ್ಲ" ಅಂತ ಹೆದರಿಸಿದರು. ಅರ್ಧ ನಿಜ. ಕ್ಲಿಕ್ ಒಂದೂವರೆಯಿಂದ 1.2ಕ್ಕೆ ಇಳಿಯಿತು. ಆದರೆ ಸುಮಾರು 170 ಕ್ಲಿಕ್ಕಿಗೆ ಹತ್ತು ಆರ್ಡರ್ ಬಂತು. ಒಂದು ಇಳಿದು ಇನ್ನೊಂದು ಏರಿದಾಗ ನಾನು ನೋಡುವುದು ಹತ್ತು ಸಾವಿರ ಸಲ ಕಂಡರೆ ಎಷ್ಟು ಆರ್ಡರ್ ಅನ್ನುವುದು. ಹಿಂದೆ ಮೂರಕ್ಕಿಂತ ಕಮ್ಮಿ, ಈಗ ಏಳು. ಹತ್ತೂ ಸಣ್ಣ ಸಂಖ್ಯೆಯೇ ಅಂತ ಇನ್ನೊಂದು ತಿಂಗಳು ಏನೂ ಮುಟ್ಟದೆ ಬಿಟ್ಟೆ, ಹಾಗೇ ನಿಂತಿತು. ಖರ್ಚಿನ ಎಷ್ಟು ಪಾಲು ಬೆಲೆಗೆ ಸೇರಿಸಿದೆ, ಎಷ್ಟು ನಾನೇ ನುಂಗಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಮಧ್ಯೆ ಸುಮ್ನೆ ಒಂದು ಆಟ ಆಡಿದೆ. ಸ್ಟ್ಯಾಂಡ್ ಮೇಲೆ ದೊಡ್ಡವನೊಬ್ಬ ಹತ್ತಿ ನಿಂತ ಫೋಟೋವನ್ನು ಮುಂದೆ ಹಾಕಿದೆ. ಕ್ಲಿಕ್ ಎರಡು ಪಟ್ಟು, ಆರ್ಡರ್ ಒಂದೂ ಜಾಸ್ತಿ ಇಲ್ಲ. ಬಂದವರೆಲ್ಲ ತಮಾಷೆ ನೋಡಲು ಬಂದವರು, ಖರ್ಚು ನನ್ನದು. ನಾಲ್ಕನೇ ದಿನ ತೆಗೆದುಬಿಟ್ಟೆ.

ಈಗ ಕೇಬಲ್ ಕ್ಲಿಪ್ ಲಿಸ್ಟಿಂಗ್‌ನಲ್ಲಿ ಉಲ್ಟಾ ಕಥೆ. ಒತ್ತಿದವರಲ್ಲಿ ನೂರಕ್ಕೆ ಎಂಟು ಜನ ಕೊಳ್ಳುತ್ತಾರೆ, ಸರಿಯಾದ ಪದದಲ್ಲೂ ಒತ್ತುವವರೇ ಇಲ್ಲ. ಬಿಳಿ ಹಿನ್ನೆಲೆ ಮೇಲೆ ಬಿಳಿ ಕ್ಲಿಪ್ ಇಟ್ಟು ಫೋಟೋ ತೆಗೆದವನು ನಾನೇ. ಆ ಫೋಟೋಗ್ರಾಫರ್‌ಗೆ ಮತ್ತೆ ಫೋನ್ ಮಾಡಬೇಕು.