ಬಿಎನ್‌ಪಿ ಏರಿದೆ, ಆದರೆ ರೋಗಿ ಸುಧಾರಿಸಿದ್ದಾರೆ: ಈ ರಿಪೋರ್ಟ್ ಓದುವುದು ಹೇಗೆ?

ಹೃದಯ ವೈಫಲ್ಯ ಇರುವ 62 ವರ್ಷದ ಒಬ್ಬರನ್ನು ಊಹಿಸಿಕೊಳ್ಳಿ. ಸ್ಯಾಕ್ಯುಬಿಟ್ರಿಲ್–ವಾಲ್ಸಾರ್ಟನ್ ಮಾತ್ರೆ ಶುರುವಾಗಿ ಎಂಟು ವಾರ ಆಗಿದೆ. ಕಾಲಿನ ಊತ ಇಳಿದಿದೆ. ಮೆಟ್ಟಿಲು ಹತ್ತಿದರೆ ಮೊದಲಿನಂತೆ ಏದುಸಿರು ಬರುವುದಿಲ್ಲ. ಆದರೆ ರಕ್ತಪರೀಕ್ಷೆಯಲ್ಲಿ ಬಿಎನ್‌ಪಿ ಎಂಬ ಹೃದಯದ ಹಾರ್ಮೋನು 310 ಇದ್ದದ್ದು ಈಗ 380 ಆಗಿದೆ. ಮನೆಯವರಿಗೆ ಗಾಬರಿಯಾಗುವುದು ಸಹಜ ಅಲ್ವಾ? ಈ ರಿಪೋರ್ಟನ್ನು ಹಂತ ಹಂತವಾಗಿ ಓದೋಣ.

ಮೊದಲು, ಈ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ತಿಳಿದಿರಬೇಕು. 1981ರಲ್ಲಿ ಕೆನಡಾದ ಅಡಾಲ್ಫೋ ಡಿ ಬೋಲ್ಡ್ ಮತ್ತು ಜೊತೆಗಾರರು ಇಲಿಯ ಹೃದಯದ ಮೇಲಿನ ಕೋಣೆಗಳಿಂದ ತೆಗೆದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಆ ಇಲಿಗಳ ಮೂತ್ರದಲ್ಲಿ ಉಪ್ಪು, ನೀರು ಎರಡೂ ಜಾಸ್ತಿ ಹೋದವು. ಆ ಸಾರದಲ್ಲಿದ್ದ ಹಾರ್ಮೋನೇ ಎಎನ್‌ಪಿ. ಬಿಎನ್‌ಪಿ ಅದರ ಹತ್ತಿರದ ಸಂಬಂಧಿ. ಮೊದಲು ಹಂದಿಯ ಮೆದುಳಿನಲ್ಲಿ ಸಿಕ್ಕಿದ್ದರಿಂದ ಹೆಸರಿನಲ್ಲಿ ಮೆದುಳು ಉಳಿದುಕೊಂಡಿತು. ಆದರೆ ವೈಫಲ್ಯವಿರುವ ಹೃದಯದಲ್ಲಿ ಅದು ಹೆಚ್ಚಾಗಿ ಬರುವುದು ಕೆಳಗಿನ ಕೋಣೆಗಳಿಂದ. ಗೋಡೆ ಹಿಗ್ಗಿದಷ್ಟೂ ಹೃದಯ ಇವನ್ನು ಜಾಸ್ತಿ ಸುರಿಸುತ್ತದೆ.

ಯಾಕೆ ಸುರಿಸುತ್ತದೆ? ಪಂಪು ಸೋತಾಗ ಕಿಡ್ನಿಗೆ ರಕ್ತ ಕಡಿಮೆ ತಲುಪುತ್ತದೆ. ದೇಹದಲ್ಲಿ ನೀರೇ ಇಲ್ಲ ಎಂದು ಕಿಡ್ನಿ ತಪ್ಪು ತಿಳಿಯುತ್ತದೆ. ಅದು ರೆನಿನ್ ಬಿಡುತ್ತದೆ, ಅದರಿಂದ ಆಂಜಿಯೋಟೆನ್ಸಿನ್ ಹುಟ್ಟುತ್ತದೆ. ರಕ್ತನಾಳ ಬಿಗಿಯುತ್ತದೆ, ಆಲ್ಡೋಸ್ಟೆರೋನ್ ಎಂಬ ಹಾರ್ಮೋನು ಉಪ್ಪನ್ನು ಒಳಗೇ ಹಿಡಿದಿಡುತ್ತದೆ. ಈಗಾಗಲೇ ತುಂಬಿರುವ ಹೃದಯದ ಮೇಲೆ ಇನ್ನಷ್ಟು ಭಾರ! ಎಎನ್‌ಪಿ, ಬಿಎನ್‌ಪಿ ಮಾಡುವುದು ನೇರ ಎದುರು ಕೆಲಸ. ರೆನಿನ್ನನ್ನೂ ಆಲ್ಡೋಸ್ಟೆರೋನನ್ನೂ ತಗ್ಗಿಸುತ್ತವೆ, ರಕ್ತನಾಳ ಸಡಿಲಿಸುತ್ತವೆ, ಉಪ್ಪನ್ನು ಹೊರಗೆ ಕಳಿಸುತ್ತವೆ. ಹೃದಯ ಕಿಡ್ನಿಗೆ ‘ಸಾಕು, ಬಿಡು’ ಎಂದು ಹೇಳುವ ಬಗೆ ಇದು. ನನಗೆ ಇದು ಈಗಲೂ ಬೆರಗು. ಆದರೆ ವೈಫಲ್ಯ ಮುಂದುವರಿದಂತೆ ಈ ಮಾತಿಗೆ ಕಿಡ್ನಿ ಸರಿಯಾಗಿ ಓಗೊಡುವುದಿಲ್ಲ. ಬಿಎನ್‌ಪಿ ರಾಶಿ ಇದ್ದರೂ ಊತ ಇರುವುದು ಇದೇ ಕಾರಣಕ್ಕೆ.

ಎರಡನೇ ಹಂತ: ಯಾವ ಮಾತ್ರೆ ನಡೆಯುತ್ತಿದೆ ನೋಡಿ. ನೆಪ್ರಿಲೈಸಿನ್ ಎಂಬ ಕಿಣ್ವ ಈ ಹಾರ್ಮೋನುಗಳನ್ನು ಕತ್ತರಿಸುತ್ತದೆ. ಸ್ಯಾಕ್ಯುಬಿಟ್ರಿಲ್ ಆ ಕತ್ತರಿಯನ್ನು ತಡೆಯುತ್ತದೆ. ಅದೇ ಕತ್ತರಿ ಆಂಜಿಯೋಟೆನ್ಸಿನ್ನನ್ನೂ ಕತ್ತರಿಸುವುದರಿಂದ, ಸ್ಯಾಕ್ಯುಬಿಟ್ರಿಲ್ ಒಂದನ್ನೇ ಕೊಟ್ಟರೆ ವೈರಿಯೂ ಬೆಳೆಯುತ್ತಾನೆ. ಅದಕ್ಕೇ ಆಂಜಿಯೋಟೆನ್ಸಿನ್‌ಗೆ ಬಾಗಿಲು ಮುಚ್ಚುವ ವಾಲ್ಸಾರ್ಟನ್ ಜೊತೆಗಿದೆ. ಈಗ 380ರ ಗುಟ್ಟು ತಿಳಿಯಿತು: ಹೃದಯ ಜಾಸ್ತಿ ಸುರಿಸುತ್ತಿದೆ ಎಂದೇ ಅರ್ಥವಲ್ಲ, ಸುರಿಸಿದ್ದು ಬೇಗ ಒಡೆಯುತ್ತಿಲ್ಲ.

ಮೂರನೇ ಹಂತ: ಎನ್‌ಟಿ-ಪ್ರೊಬಿಎನ್‌ಪಿ ಕೇಳಿ. ಹೃದಯ ಒಂದು ಉದ್ದ ಸರಪಳಿ ತಯಾರಿಸುತ್ತದೆ. ಅದು ತುಂಡಾದಾಗ ಒಂದು ಭಾಗ ಬಿಎನ್‌ಪಿ, ಇನ್ನೊಂದು ಭಾಗ ಇದು. ಇದಕ್ಕೆ ಹಾರ್ಮೋನಿನ ಕೆಲಸವಿಲ್ಲ. ನೆಪ್ರಿಲೈಸಿನ್ ಇದನ್ನು ಕತ್ತರಿಸುವುದೂ ಇಲ್ಲ. ಹಾಗಾಗಿ ಈ ಮಾತ್ರೆ ನಡೆಯುವಾಗ ಹೃದಯದ ಒತ್ತಡ ತಿಳಿಯಲು ಇದೇ ಒಳ್ಳೆಯ ಅಳತೆ. ನಮ್ಮ ರೋಗಿಯಲ್ಲಿ ಇದು 1,900ರಿಂದ 1,100ಕ್ಕೆ ಬಂದಿದೆ, ಅಂದರೆ ಸುಮಾರು 42% ಇಳಿಕೆ. ದಿನದಿಂದ ದಿನಕ್ಕೆ ಸುಮ್ನೆ ಆಗುವ ಏರಿಳಿತವೂ ಇರುವುದರಿಂದ, ಸಾಮಾನ್ಯವಾಗಿ 30% ಮೀರಿದ ಬದಲಾವಣೆಗೆ ಬೆಲೆ ಕೊಡುತ್ತಾರೆ. ಇಲ್ಲಿ ಅದು ಮೀರಿದೆ, ಊತವೂ ಇಳಿದಿದೆ. ಎರಡೂ ಒಂದೇ ಮಾತು ಹೇಳುತ್ತಿವೆ.

ಹೋಲಿಸುವಾಗ ಒಂದು ತಪ್ಪು ಬಹಳ ಆಗುತ್ತದೆ. ಹಿಂದಿನ ಸಲ ಬಿಎನ್‌ಪಿ, ಈ ಸಲ ಎನ್‌ಟಿ-ಪ್ರೊಬಿಎನ್‌ಪಿ ಮಾಡಿಸಿ ‘ನಾಲ್ಕು ಪಟ್ಟು ಏರಿತು’ ಎನ್ನುತ್ತಾರೆ. ಎರಡೂ ಬೇರೆ ಅಳತೆಗಳು. ತುರ್ತು ಸ್ಥಿತಿಯಲ್ಲಿ ಉಸಿರುಗಟ್ಟಿ ಬಂದವರಲ್ಲಿ ಬಿಎನ್‌ಪಿ 100ಕ್ಕಿಂತ ಕೆಳಗಿದ್ದರೆ ಹೃದಯ ವೈಫಲ್ಯದ ಸಾಧ್ಯತೆ ಕಡಿಮೆ. ಎನ್‌ಟಿ-ಪ್ರೊಬಿಎನ್‌ಪಿಯಲ್ಲಿ ಅದೇ ಗೆರೆ 300. ಎರಡೂ ಒಂದು ಮಿಲಿಲೀಟರ್ ರಕ್ತದಲ್ಲಿರುವ ಪಿಕೋಗ್ರಾಂ ಲೆಕ್ಕ.

ಕೊನೆಗೆ ರೋಗಿಯ ಉಳಿದ ವಿವರ ಪಕ್ಕದಲ್ಲಿಟ್ಟುಕೊಳ್ಳಿ. ವಯಸ್ಸು, ಕಿಡ್ನಿ ತೊಂದರೆ, ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ ಸಂಖ್ಯೆ ಮೇಲಿರುತ್ತದೆ. ಬೊಜ್ಜಿದ್ದವರಲ್ಲಿ ಕೆಳಗಿರುತ್ತದೆ. ಅವರಲ್ಲಿ ಕಡಿಮೆ ಸಂಖ್ಯೆ ನೋಡಿ ‘ಹೃದಯ ಚೆನ್ನಾಗಿದೆ’ ಎಂದುಬಿಟ್ಟರೆ ಮೋಸ ಹೋಗಬಹುದು. ಹೃದಯದ ಸ್ಕ್ಯಾನ್ ಆದ ಎಕೋ ಬೇಕೇ ಬೇಕು.

ಮಾತ್ರೆಯ ಚೀಟಿಯನ್ನೂ ಓದಿ. ಎನಾಲಾಪ್ರಿಲ್, ರಾಮಿಪ್ರಿಲ್‌ನಂಥ ಮಾತ್ರೆಯಿಂದ ಸ್ಯಾಕ್ಯುಬಿಟ್ರಿಲ್–ವಾಲ್ಸಾರ್ಟನ್‌ಗೆ ಬದಲಾಯಿಸುವಾಗ ನಡುವೆ 36 ಗಂಟೆ ಬಿಡಬೇಕು. ಎರಡೂ ಸೇರಿದರೆ ಬ್ರಾಡಿಕೈನಿನ್ ಎಂಬ ವಸ್ತು ಜಾಸ್ತಿಯಾಗಿ ನಾಲಿಗೆ, ಗಂಟಲು ಊದಿಕೊಳ್ಳಬಹುದು. ತುಟಿ ಅಥವಾ ನಾಲಿಗೆ ಊದುತ್ತಿದೆ ಎನಿಸಿದರೆ ಮುಂದಿನ ಡೋಸ್ ನುಂಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.